ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು, ಶಿಕ್ಷಕರಾಗಲು ಹೊರಟವರು: ಸ್ಕಾಲರ್‌ಶಿಪ್ ಪ್ರಬಂಧ ಬರೆಯುವುದು ಹೇಗೆ?

ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರಿಗೆ ಪ್ರಬಂಧದ ಗೊಡವೆ ಇರಲಿಲ್ಲ. ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಕಾಲೇಜಿನ ವಿವರ ಕೊಟ್ಟರೆ ಅರ್ಜಿ ಮುಗಿಯುತ್ತಿತ್ತು. ಖಾಸಗಿ ಟ್ರಸ್ಟ್‌ಗಳು ಮತ್ತು ಕಂಪನಿಗಳ ಸಿಎಸ್‌ಆರ್ ನಿಧಿಗಳು ಕೊಡುವ ಸ್ಕಾಲರ್‌ಶಿಪ್‌ಗಳಲ್ಲಿ ಹಲವು ಹಾಗಲ್ಲ. ಅರ್ಜಿಯ ಕೊನೆಯಲ್ಲಿ ಒಂದು ಖಾಲಿ ಚೌಕ ಇರುತ್ತದೆ, ಮೇಲೆ ಎರಡು-ಮೂರು ಸಾಲಿನ ಪ್ರಶ್ನೆ. ಅಂಕ, ಆದಾಯ ಎರಡೂ ಹೆಚ್ಚುಕಡಿಮೆ ಒಂದೇ ಆಗಿರುವ ಅರ್ಜಿಗಳ ನಡುವೆ ಆಯ್ಕೆ ಮಾಡುವಾಗ ನೋಡುವುದು ಈ ಚೌಕವನ್ನು.

ಇಲ್ಲಿ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ವಿದ್ಯಾರ್ಥಿನಿ ಕಾಲ್ಪನಿಕ, ಪರಿಸ್ಥಿತಿ ಮಾತ್ರ ಕರ್ನಾಟಕದಲ್ಲಿ ಸಾಮಾನ್ಯವಾದದ್ದು. ರಾಯಚೂರು ಜಿಲ್ಲೆಯ ಹಳ್ಳಿಯವಳು. ಅಪ್ಪ-ಅವ್ವ ಕೃಷಿಕೂಲಿ, ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ, ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಮೊದಲ ವರ್ಷದ ಬಿಎಸ್‌ಸಿ. ಗಣಿತ ಶಿಕ್ಷಕಿಯಾಗಬೇಕೆಂದಿದ್ದಾಳೆ. ಅರ್ಜಿಯ ಪ್ರಶ್ನೆ ಹೀಗಿದೆ ಎಂದುಕೊಳ್ಳೋಣ: "ನೀವು ಶಿಕ್ಷಕ ವೃತ್ತಿಯನ್ನು ಏಕೆ ಆರಿಸಿಕೊಂಡಿರಿ? ಕುಟುಂಬದಲ್ಲಿ ಮೊದಲು ಕಾಲೇಜಿಗೆ ಬಂದವರಾಗಿ ನಿಮ್ಮ ಅನುಭವವೇನು? ಈ ನೆರವನ್ನು ಹೇಗೆ ಬಳಸುತ್ತೀರಿ? 500 ಪದ ಮೀರದಂತೆ ಬರೆಯಿರಿ."

ಮೊದಲು ಪ್ರಶ್ನೆಯನ್ನು ಬಿಡಿಸಿ

ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಂಡು ಅದರಲ್ಲಿ ಎಷ್ಟು ಪ್ರಶ್ನೆ ಅಡಗಿವೆ ಎಂದು ಎಣಿಸಿ. ಇಲ್ಲಿ ಮೂರಿವೆ. ಸಾಮಾನ್ಯವಾಗಿ ಆಗುವುದೇನೆಂದರೆ, ಮೊದಲನೆಯದಕ್ಕೆ 400 ಪದ ಸುರಿದು, ಎರಡನೆಯದನ್ನು ಬಡತನದ ವರ್ಣನೆಯಾಗಿ ಮಾಡಿ, ಮೂರನೆಯದಕ್ಕೆ "ಈ ನೆರವು ನನಗೆ ತುಂಬಾ ಉಪಯುಕ್ತವಾಗುತ್ತದೆ" ಎಂಬ ಒಂದು ಸಾಲು ಬರೆದು ಮುಗಿಸುತ್ತಾರೆ. ಹಣ ಕೊಡುವವರಿಗೆ ಮೂರನೆಯದೇ ಮುಖ್ಯ ಎಂಬುದು ನೆನಪಿರುವುದಿಲ್ಲ.

ನಮ್ಮ ವಿದ್ಯಾರ್ಥಿನಿಗೆ ಈ ಹಂಚಿಕೆ ಸರಿ: ವೃತ್ತಿ ಏಕೆ ಎಂಬುದಕ್ಕೆ 150 ಪದ, ಕಾಲೇಜಿಗೆ ಬಂದ ಅನುಭವಕ್ಕೆ 120, ಮೊದಲ ಪ್ರಶ್ನೆಯದೇ ಮುಂದುವರಿಕೆಯಾದ ಮುಂದಿನ ದಾರಿಗೆ 90, ಹಣಕ್ಕೆ 90. ಒಟ್ಟು 450. ಉಳಿದ 50 ಪದ ತಿದ್ದುವಾಗ ಬೇಕಾಗುತ್ತವೆ. 500 ತುಂಬಿಸಲೇಬೇಕು ಎಂದೇನಿಲ್ಲ. ಆದರೆ 250ಕ್ಕೇ ನಿಂತರೆ ಹೇಳಲು ಏನೂ ಇರಲಿಲ್ಲ ಎಂದು ಓದುವವರು ತಿಳಿಯುತ್ತಾರೆ.

"ಕುಟುಂಬದಲ್ಲಿ ಮೊದಲು" ಎಂಬುದರ ಅರ್ಥವನ್ನೂ ಅರ್ಜಿಯ ಸೂಚನೆಯಲ್ಲಿ ಹುಡುಕಿ. ಕೆಲವೆಡೆ ತಂದೆ-ತಾಯಿ ಪದವಿ ಪಡೆದಿರಬಾರದು ಎಂದಷ್ಟೇ ಇರುತ್ತದೆ, ಕೆಲವೆಡೆ ಅಣ್ಣ-ಅಕ್ಕನೂ ಕಾಲೇಜು ಓದಿರಬಾರದು. ಅಕ್ಕ ಡಿಗ್ರಿಗೆ ಸೇರಿ ಒಂದೇ ವರ್ಷಕ್ಕೆ ಬಿಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಅವಳು ಏಕೆ ಬಿಟ್ಟಳು ಎಂಬುದು ನಿಮ್ಮ ಪ್ರಬಂಧಕ್ಕೆ ಬಲ ಕೊಡಬಹುದು. ಪರಿಶೀಲನೆಯಲ್ಲಿ ಅದು ಬೇರೆ ಕಡೆಯಿಂದ ಗೊತ್ತಾದರೆ ಮಾತ್ರ ಅರ್ಜಿಯೇ ಹೋಗುತ್ತದೆ.

"ಏಕೆ ಶಿಕ್ಷಕಿ?": ಒಂದು ಮಗು, ಒಂದು ಲೆಕ್ಕ

ಗುರುಮಹಿಮೆಯ ಶ್ಲೋಕದಿಂದ ಅಥವಾ ರಾಧಾಕೃಷ್ಣನ್, ಸಾವಿತ್ರಿಬಾಯಿ ಫುಲೆ ಅವರ ಹೆಸರಿನಿಂದ ಶುರುವಾಗುವ ಪ್ರಬಂಧಗಳ ರಾಶಿಯಲ್ಲಿ ನಿಮ್ಮದೂ ಸೇರುವುದು ಬೇಡ. "ಬಾಲ್ಯದಿಂದಲೂ ಶಿಕ್ಷಕಿಯಾಗಬೇಕೆಂಬ ಕನಸು" ಎಂಬುದೂ ಹಾಗೆಯೇ. ಸುಳ್ಳೆಂದಲ್ಲ, ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು. "ನಮ್ಮ ಗಣಿತದ ಮೇಷ್ಟ್ರು ನನಗೆ ಸ್ಫೂರ್ತಿ" ಎಂದು ಬರೆಯುವಾಗಲೂ ಎಚ್ಚರ ಬೇಕು. 150 ಪದವೂ ಮೇಷ್ಟ್ರ ಗುಣಗಾನಕ್ಕೆ ಹೋದರೆ ಸ್ಕಾಲರ್‌ಶಿಪ್ ಅವರಿಗೆ ಕೊಡಬೇಕಾಗುತ್ತದೆ!

ಇಲ್ಲಿ ಬೇಕಾದದ್ದು ನೀವು ಯಾರಿಗೋ ಏನನ್ನೋ ಕಲಿಸಿದ ಒಂದು ಸಂದರ್ಭ. ಅದು ತರಗತಿಯೇ ಆಗಿರಬೇಕಿಲ್ಲ. ತಮ್ಮನಿಗೆ ಹೇಳಿಕೊಟ್ಟದ್ದು, ಪಕ್ಕದ ಮನೆಯ ಮಕ್ಕಳನ್ನು ಸಂಜೆ ಓದಿಸಿದ್ದು, ಹಾಸ್ಟೆಲ್‌ನಲ್ಲಿ ಗೆಳತಿಗೆ ಬಿಡಿಸಿ ತೋರಿಸಿದ್ದು, ಯಾವುದಾದರೂ ಸರಿ. ಅದನ್ನು ಹೊರತೆಗೆಯಲು ಮೂರು ಪ್ರಶ್ನೆ ಸಾಕು. ಆ ಮಗುವಿಗೆ ಏನು ತಿಳಿಯಲಿಲ್ಲ? ನೀವು ಏನು ಮಾಡಿದಿರಿ? ಆಮೇಲೂ ಏನು ಉಳಿಯಿತು? ಮೂರನೆಯ ಪ್ರಶ್ನೆಗೆ ಉತ್ತರ ಬರೆಯುವವರು ಕಡಿಮೆ. ಕಲಿಸುವ ಕೆಲಸ ಗೊತ್ತಿದೆಯೋ ಇಲ್ಲವೋ ಎಂದು ತಿಳಿಯುವುದೇ ಅಲ್ಲಿ.

ಮೊದಲ ಕರಡು ಹೀಗಿರುತ್ತದೆ:

> "ನನಗೆ ಮಕ್ಕಳೆಂದರೆ ತುಂಬಾ ಇಷ್ಟ. ನಮ್ಮ ಓಣಿಯ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡುತ್ತೇನೆ. ಗಣಿತ ಕಷ್ಟ ಎನ್ನುವ ಮಕ್ಕಳಿಗೆ ಸರಳವಾಗಿ ಕಲಿಸಿದಾಗ ಅವರ ಮುಖದಲ್ಲಿ ಮೂಡುವ ನಗು ನನಗೆ ಸಂತೋಷ ಕೊಡುತ್ತದೆ."

ಇದರಲ್ಲಿ ತಪ್ಪೇನಿಲ್ಲ, ಹಿಡಿಯಲು ಏನೂ ಸಿಗುವುದಿಲ್ಲ ಅಷ್ಟೆ. ಯಾವ ಗಣಿತ, ಯಾವ ಕಷ್ಟ, ಸರಳ ಎಂದರೆ ಹೇಗೆ? ಮೂರು ಪ್ರಶ್ನೆ ಕೇಳಿಕೊಂಡು ಮತ್ತೆ ಬರೆದಾಗ:

> "ನಮ್ಮ ಓಣಿಯ ಆರನೇ ತರಗತಿ ಹುಡುಗನೊಬ್ಬ ನಾಲ್ಕನೇ ಒಂದು ಭಾಗ ಮೂರನೇ ಒಂದು ಭಾಗಕ್ಕಿಂತ ದೊಡ್ಡದು ಎನ್ನುತ್ತಿದ್ದ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂಬುದು ಅವನ ವಾದ. ಒಂದೇ ಅಳತೆಯ ಎರಡು ರೊಟ್ಟಿ ತೆಗೆದುಕೊಂಡು ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಪಾಲು ಮಾಡಿಸಿದೆ. ಛೇದ ದೊಡ್ಡದಾದರೆ ಪಾಲು ಚಿಕ್ಕದು ಎಂದು ಅವನೇ ಹೇಳಿದ. ಮರುದಿನ 2/3 ದೊಡ್ಡದೋ 3/4 ದೊಡ್ಡದೋ ಎಂದು ಕೇಳಿದೆ. 2/3 ದೊಡ್ಡದು, ಅದರ ಛೇದ ಚಿಕ್ಕದು ಎಂದ. ನಿನ್ನೆ ಕಲಿತ ಮಾತೇ ಇಂದು ಅವನನ್ನು ದಾರಿ ತಪ್ಪಿಸಿತ್ತು. ಇಡೀ ರೊಟ್ಟಿಯಾಗಲು ಎಷ್ಟು ಪಾಲು ಕಡಿಮೆ ಎಂದು ನೋಡಲು ಹೇಳಿದೆ. ಆಗ 3/4ಕ್ಕೆ ಕಡಿಮೆ ಇರುವುದು ಚಿಕ್ಕ ತುಂಡು ಎಂದು ಕಂಡುಕೊಂಡ. ಈ ಉಪಾಯ 2/5, 3/8ರಂಥ ಲೆಕ್ಕಕ್ಕೆ ಸಾಲುವುದಿಲ್ಲ. ಅದಕ್ಕೆ ಏನು ಮಾಡಬೇಕೆಂದು ಇನ್ನೂ ಹುಡುಕುತ್ತಿದ್ದೇನೆ."

ಇಲ್ಲಿ "ಇಷ್ಟ", "ಸಂತೋಷ", "ಸೇವೆ" ಯಾವ ಪದವೂ ಇಲ್ಲ. ಆದರೂ ಈ ಹುಡುಗಿಗೆ ಮಗುವಿನ ತಪ್ಪಿನ ಹಿಂದಿನ ಯೋಚನೆ ಕಾಣುತ್ತದೆ ಎಂಬುದು ಗೊತ್ತಾಗುತ್ತದೆ. ಕೊನೆಯ ಸಾಲನ್ನು ತೆಗೆಯಬೇಕೆಂದು ಅನ್ನಿಸಬಹುದು, "ಗೊತ್ತಿಲ್ಲ ಎಂದು ಒಪ್ಪಿಕೊಂಡಂತಾಗುವುದಿಲ್ಲವೇ?" ಎಂದು. ತೆಗೆಯಬೇಡಿ. ಅದನ್ನು ಕಲಿಯಲೆಂದೇ ಬಿಎಡ್‌ಗೆ ಹೋಗುತ್ತಿರುವುದು. ಪ್ರಬಂಧದ ಮುಂದಿನ ಭಾಗಕ್ಕೆ ಕೊಂಡಿಯೂ ಅದೇ ಆಗುತ್ತದೆ.

ಇಂಥ ಘಟನೆ ಸಿಗದಿದ್ದರೆ ಸೃಷ್ಟಿಸಬೇಡಿ. ಕೊನೆಯ ದಿನಕ್ಕೆ ಎರಡು ವಾರ ಇದ್ದರೆ ಯಾವುದಾದರೂ ಒಂದು ಮಗುವಿನ ಜೊತೆ ನಾಲ್ಕು ಸಂಜೆ ಕುಳಿತುಕೊಳ್ಳಿ. ಕಲಿಸುವುದಕ್ಕಿಂತ ಹೆಚ್ಚಾಗಿ ಅದು ಮಾಡಿದ ತಪ್ಪುಗಳನ್ನು ಬರೆದಿಟ್ಟುಕೊಳ್ಳಿ. ಕನ್ನಡ ಓದಿಸುವುದಾದರೆ ಒತ್ತಕ್ಷರದಲ್ಲಿ ಎಲ್ಲಿ ಎಡವುತ್ತದೆ, ಇಂಗ್ಲಿಷ್ ಆದರೆ ಯಾವ ಪದವನ್ನು ಊಹಿಸಿ ಓದುತ್ತದೆ ಎಂಬುದನ್ನು ನೋಡಿ. ಮಗುವಿನ ಹೆಸರು, ಮನೆತನ ಪ್ರಬಂಧದಲ್ಲಿ ಬೇಡ. ತರಗತಿ ಹೇಳಿದರೆ ಸಾಕು.

ಮೊದಲ ತಲೆಮಾರು: ಬಡತನ ಒಂದು ಕಾಲಂ, ಅನುಭವ ಬೇರೆ

ಆದಾಯ ಪ್ರಮಾಣಪತ್ರ ಅರ್ಜಿಗೆ ಲಗತ್ತಾಗಿದೆ. ತಂದೆಯ ಉದ್ಯೋಗದ ಕಾಲಂನಲ್ಲಿ ಕೂಲಿ ಎಂದಿದೆ. ಪ್ರಬಂಧದಲ್ಲೂ ಅದನ್ನೇ ಬರೆದರೆ ಒಂದೇ ಮಾಹಿತಿಗೆ ಎರಡು ಸಲ ಜಾಗ ಕೊಟ್ಟಂತೆ. ಹೆತ್ತವರ ಕಷ್ಟವನ್ನು ಕಣ್ಣೀರು ಬರುವಂತೆ ಬರೆಯಲು ಹೋದಾಗ ಇನ್ನೊಂದು ತೊಂದರೆಯೂ ಆಗುತ್ತದೆ: ಪ್ರಬಂಧ ಅವರದಾಗಿ, ನೀವು ಅದರಿಂದ ಮಾಯವಾಗುತ್ತೀರಿ.

ಮನೆಯಲ್ಲಿ ಮೊದಲು ಕಾಲೇಜಿಗೆ ಬಂದವರ ನಿಜವಾದ ತೊಡಕು ಹಣಕ್ಕಿಂತ ಭಿನ್ನವಾದದ್ದು. ಕೇಳಲು ಯಾರೂ ಇಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಯಾವ ಕಾಂಬಿನೇಶನ್? ಇಂಟರ್ನಲ್ ಅಂಕ ಎಂದರೆ ಏನು? ಬೊನಫೈಡ್ ಸರ್ಟಿಫಿಕೇಟ್ ಯಾರ ಹತ್ತಿರ ಕೇಳಬೇಕು? ಓದಿದವರ ಮನೆಯಲ್ಲಿ ಊಟಕ್ಕೆ ಕುಳಿತಾಗ ಸಿಗುವ ಉತ್ತರಕ್ಕೆ ಇವರು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಅಂಥ ಒಂದೇ ಒಂದು ತೊಡಕನ್ನು ತೆಗೆದುಕೊಂಡು, ಅದನ್ನು ದಾಟಲು ನೀವು ಮಾಡಿದ್ದನ್ನು ಬರೆಯಿರಿ.

> "ಪಿಯು ಮೊದಲ ವರ್ಷ ನನಗೆ ವಿದ್ಯಾರ್ಥಿವೇತನ ಬರಲಿಲ್ಲ. ಆಧಾರ್‌ನಲ್ಲಿ ನನ್ನ ಹೆಸರು ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇತ್ತು. ಅಪ್ಪ-ಅವ್ವ ಹೆಬ್ಬೆಟ್ಟು ಒತ್ತುವವರು, ಕಾಗುಣಿತದ ವ್ಯತ್ಯಾಸ ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಆಧಾರ್ ಕೇಂದ್ರದಲ್ಲಿ ಹೆಸರು ತಿದ್ದಿಸಿ, ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಜೋಡಿಸಿ, ಮರುವರ್ಷ ಹಣ ಬರುವಂತೆ ಮಾಡಿಕೊಂಡೆ. ಯಾವ ಕೆಲಸಕ್ಕೆ ಯಾವ ಕಾಗದ ಬೇಕು ಎಂದು ಒಂದು ಹಾಳೆಯಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿದೆ. ನಮ್ಮ ತರಗತಿಯಲ್ಲಿ ಇನ್ನೂ ನಾಲ್ವರದು ಇದೇ ಸಮಸ್ಯೆಯಾಗಿತ್ತು."

ಇದರಲ್ಲಿ ಬಡತನ ಇದೆ, ಹೆತ್ತವರು ಓದಿಲ್ಲ ಎಂಬುದೂ ಇದೆ, ಆದರೆ ಎರಡೂ ಕೆಲಸದ ನಡುವೆ ಬಂದಿವೆ. ಗೋಡೆಗೆ ಅಂಟಿಸಿದ ಹಾಳೆಯನ್ನು ಗಮನಿಸಿ. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸುವ ಸ್ವಭಾವ ಅಲ್ಲಿ ತಾನಾಗಿ ತೋರುತ್ತದೆ, ಶಿಕ್ಷಕಿಯಾಗುವವಳಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಯಾರ ಮೇಲೂ ದೂರು ಹೊರಿಸಿಲ್ಲ ಎಂಬುದನ್ನೂ ನೋಡಿ. ಕಾಲೇಜಿನ ಗುಮಾಸ್ತರನ್ನೋ ಬ್ಯಾಂಕಿನವರನ್ನೋ ಬೈಯುವುದಕ್ಕೆ 120 ಪದದಲ್ಲಿ ಜಾಗವಿಲ್ಲ.

ಮುಂದಿನ ದಾರಿ: ತರಗತಿ ಮತ್ತು ಅರ್ಹತೆ ತಾಳೆಯಾಗಬೇಕು

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ, ಭಾಷೆಯಲ್ಲಲ್ಲ, ವಿಷಯದಲ್ಲಿ. "ಬಿಎಡ್ ಮುಗಿಸಿ ನಮ್ಮೂರಿನ ಒಂದನೇ ತರಗತಿ ಮಕ್ಕಳಿಗೆ ಕಲಿಸುತ್ತೇನೆ" ಎಂದು ಬರೆದರೆ ಶಿಕ್ಷಣ ಕ್ಷೇತ್ರ ತಿಳಿದವರು ಅಲ್ಲೇ ನಿಲ್ಲುತ್ತಾರೆ. 1ರಿಂದ 5ನೇ ತರಗತಿಗೆ ಬೇಕಾದದ್ದು ಪಿಯು ನಂತರದ 2 ವರ್ಷದ ಶಿಕ್ಷಕ ಡಿಪ್ಲೊಮಾ ಡಿಎಲ್‌ಎಡ್. ಬಿಎಡ್ ಆ ತರಗತಿಗಳಿಗೆ ಅರ್ಹತೆಯಲ್ಲ ಎಂಬುದನ್ನು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 6ರಿಂದ 8ಕ್ಕೆ ಕರ್ನಾಟಕದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಇದೆ, ಅದಕ್ಕೆ ಪದವಿ, ಬಿಎಡ್‌ನಂಥ ಶಿಕ್ಷಕ ತರಬೇತಿ, ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ. ಪ್ರೌಢಶಾಲೆಗೆ ಪದವಿ ಮತ್ತು ಬಿಎಡ್. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯೂ ಬೇಕು. ಪಿಯು ಆದ ಕೂಡಲೇ ಸೇರಬಹುದಾದ 4 ವರ್ಷದ ಸಂಯೋಜಿತ ಬಿಎಸ್‌ಸಿ-ಬಿಎಡ್ ಕೋರ್ಸ್‌ಗಳೂ ಇವೆ. ಎನ್‌ಸಿಇಆರ್‌ಟಿಗೆ ಸೇರಿದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇಂಥ ಸಂಯೋಜಿತ ಕೋರ್ಸ್‌ಗೆ ಬಹುಕಾಲದಿಂದ ಹೆಸರಾದದ್ದು.

ನಮ್ಮ ವಿದ್ಯಾರ್ಥಿನಿ ಈಗಾಗಲೇ ಬಿಎಸ್‌ಸಿಯಲ್ಲಿದ್ದಾಳೆ, ಕಲಿಸಿದ್ದು ಆರನೇ ತರಗತಿಯವನಿಗೆ. ಹಾಗಾಗಿ ಅವಳ ದಾರಿ ನೇರವಾಗಿದೆ:

> "3 ವರ್ಷದ ಬಿಎಸ್‌ಸಿ ಆದ ಮೇಲೆ 2 ವರ್ಷದ ಬಿಎಡ್ ಮಾಡಿ, ಟಿಇಟಿಯ ಎರಡನೇ ಪತ್ರಿಕೆ ಬರೆದು, 6ರಿಂದ 8ನೇ ತರಗತಿಗೆ ಗಣಿತ ಕಲಿಸುವ ಹುದ್ದೆಗೆ ಪ್ರಯತ್ನಿಸುತ್ತೇನೆ. ನಮ್ಮ ಭಾಗದಲ್ಲಿ ಹೆತ್ತವರ ಜೊತೆ ಗುಳೆ ಹೋಗುವ ಮಕ್ಕಳು ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು, ಮರಳಿ ಬಂದಾಗ ನಡುವಿನ ಪಾಠಗಳಿಲ್ಲದೆ ಮುಂದಿನ ಪಾಠಕ್ಕೆ ಕೂರುತ್ತಾರೆ. ನಾನೂ ಐದನೇ ತರಗತಿಯಲ್ಲಿ ಹಾಗೆ ಕುಳಿತಿದ್ದೆ. ಅಂಥ ಮಕ್ಕಳಿಗೆ ತಪ್ಪಿಹೋದ ಭಾಗವನ್ನಷ್ಟೇ ಹುಡುಕಿ ಕಲಿಸುವುದು ಹೇಗೆಂದು ಬಿಎಡ್ ಓದುವಾಗ ತಿಳಿದುಕೊಳ್ಳಬೇಕು."

ಗಾತ್ರ ನೋಡಿ. "ಗ್ರಾಮೀಣ ಭಾರತದ ಶಿಕ್ಷಣ ವ್ಯವಸ್ಥೆಯನ್ನು ಬದಲಿಸುತ್ತೇನೆ" ಎಂದಿಲ್ಲ. ಒಬ್ಬ ಶಿಕ್ಷಕಿಯಿಂದ ಆಗುವಷ್ಟನ್ನೇ ಹೇಳಿದ್ದಾಳೆ. ಹುದ್ದೆ ಸಿಕ್ಕೇ ಸಿಗುತ್ತದೆ ಎಂದೂ ಬರೆದಿಲ್ಲ, ಏಕೆಂದರೆ ನೇಮಕಾತಿ ಯಾವ ವರ್ಷ ಬರುತ್ತದೆ ಎಂಬುದು ಅವಳ ಕೈಯಲ್ಲಿಲ್ಲ. ಆ ನಡುವೆ ಅತಿಥಿ ಶಿಕ್ಷಕಿಯಾಗಿ ಕೆಲಸ ಮಾಡುವ ಮನಸ್ಸಿದ್ದರೆ ಒಂದು ಸಾಲು ಸೇರಿಸಬಹುದು.

ಹಣದ ಭಾಗ: ಲೆಕ್ಕ ಕೂಡಬೇಕು

ಮೊದಲು ವರ್ಷದ ಖರ್ಚನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಕೋಣೆ ಮತ್ತು ಊಟಕ್ಕೆ ತಿಂಗಳಿಗೆ 3,500ರಂತೆ 10 ತಿಂಗಳಿಗೆ 35,000 ರೂಪಾಯಿ. ಪುಸ್ತಕ, ಪ್ರಾಯೋಗಿಕ ರೆಕಾರ್ಡ್‌ಗೆ 3,000. ಕಾಲೇಜು ಮತ್ತು ಪರೀಕ್ಷಾ ಶುಲ್ಕ ಸೇರಿ 4,000. ಒಟ್ಟು 42,000. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ಸಿಗುತ್ತದೆ ಎಂದುಕೊಳ್ಳೋಣ. ಉಳಿದದ್ದು 27,000. ಮನೆಯಿಂದ 7,000 ಆಗುತ್ತದೆ. ಕೊರತೆ 20,000.

ಇದನ್ನು ಪ್ರಬಂಧದಲ್ಲಿ ಪಟ್ಟಿಯಾಗಿ ಹಾಕಬೇಡಿ, ಮೂರು ಸಾಲಿನಲ್ಲಿ ಹೇಳಿ. ಬೇರೆಡೆಯಿಂದ ಬರುವ ಹಣವನ್ನು ಮುಚ್ಚಿಡಬೇಡಿ. ವಿದ್ಯಾಸಿರಿಯಂಥ ಯೋಜನೆ ಇದೆ ಎಂಬುದು ಅರ್ಜಿ ಓದುವವರಿಗೆ ಗೊತ್ತಿರುತ್ತದೆ. ಎರಡು ನೆರವು ಒಟ್ಟಿಗೆ ಪಡೆಯಲು ಅವಕಾಶ ಇದೆಯೇ ಎಂದು ಎರಡೂ ಕಡೆಯ ನಿಯಮ ಓದಿಕೊಳ್ಳಿ. ಹುಡುಗಿಯರು ಬಸ್ ಖರ್ಚನ್ನು ಬರೆಯುವಾಗ ಇನ್ನೊಂದು ಎಚ್ಚರಿಕೆ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರ ಪ್ರಯಾಣ ಉಚಿತ. ನಿಮ್ಮೂರಿಗೆ ಸರ್ಕಾರಿ ಬಸ್ಸೇ ಬರುವುದಿಲ್ಲ, ಟಂಟಂನಲ್ಲಿ ಬರಬೇಕು ಎಂದಾದರೆ ಅದನ್ನು ಹಾಗೆಯೇ ಹೇಳಿ. ಇಲ್ಲದಿದ್ದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ.

ಮೊತ್ತದಷ್ಟೇ ಮುಖ್ಯವಾದದ್ದು ಹಣ ಬೇಕಾಗುವ ಕಾಲ. ಅದನ್ನು ಯೋಚಿಸುವವರು ಅಪರೂಪ:

> "ವಿದ್ಯಾಸಿರಿ ಮತ್ತು ಮನೆಯ ಹಣ ಸೇರಿದ ಮೇಲೂ ವರ್ಷಕ್ಕೆ 20,000 ರೂಪಾಯಿ ಕೊರತೆ ಬೀಳುತ್ತದೆ. ಅಪ್ಪ-ಅವ್ವ ಸುಗ್ಗಿ ಮುಗಿಸಿ ಗುಳೆ ಹೋದ ಮೇಲೆ, ಜನವರಿಯ ನಂತರ ಅವರ ಕೈಯಲ್ಲಿ ಹಣ ಓಡಾಡುತ್ತದೆ. ಕೋಣೆ, ಊಟದ ಹಣ ಆಗಸ್ಟ್‌ನಿಂದಲೇ ಕೊಡಬೇಕು. ಕಳೆದ ಸೆಮಿಸ್ಟರ್ ಅದಕ್ಕೆ ಸಾಲ ಮಾಡಿದೆವು. ಈ ನೆರವು ಆ ಆರು ತಿಂಗಳ ಊಟ, ಕೋಣೆಗೆ ಹೋಗುತ್ತದೆ."

ಹೀಗೆ ಬರೆದ ಮೇಲೆ "ನೆರವು ಸಿಗದಿದ್ದರೆ ನನ್ನ ಬದುಕೇ ಮುಗಿಯಿತು" ಎಂಬಂಥ ಸಾಲು ಬೇಕಾಗುವುದಿಲ್ಲ.

ತಿದ್ದುವುದು, ತೋರಿಸುವುದು

ಒಂದು ದಿನ ಬಿಟ್ಟು ಗಟ್ಟಿಯಾಗಿ ಓದಿ. ಉಸಿರು ಕಟ್ಟುವ ವಾಕ್ಯವನ್ನು ಎರಡು ಮಾಡಿ. ಪ್ರತಿ ವಾಕ್ಯಕ್ಕೂ "ಇದನ್ನು ಪಕ್ಕದ ಬೆಂಚಿನವಳೂ ಬರೆಯಬಹುದೇ?" ಎಂದು ಕೇಳಿಕೊಳ್ಳಿ, ಹೌದು ಎನ್ನಿಸಿದ್ದನ್ನು ಹೊಡೆದುಹಾಕಿ. ಆಮೇಲೆ ಅರ್ಜಿಯ ಪಕ್ಕದಲ್ಲಿಟ್ಟು ತಾಳೆ ನೋಡಿ. ಕಾಲಂನಲ್ಲಿ ಆದಾಯ ಒಂದು, ಪ್ರಬಂಧದಲ್ಲಿ ಇನ್ನೊಂದು ಇರಬಾರದು. ಮನೆಯ ಜನರ ಸಂಖ್ಯೆ, ಓದಿದ ಶಾಲೆ, ಅಂಕ ಎಲ್ಲವೂ ಒಂದೇ ಇರಲಿ.

ಸೈಬರ್ ಸೆಂಟರ್‌ನವರಿಂದ ಅರ್ಜಿ ತುಂಬಿಸಿಕೊಂಡರೂ ಪ್ರಬಂಧ ಮಾತ್ರ ಬರೆಸಬೇಡಿ. ಹತ್ತು ಜನಕ್ಕೆ ಒಂದೇ ಪ್ರಬಂಧ ಅಂಟಿಸಿದರೆ ಹತ್ತೂ ಒಟ್ಟಿಗೆ ತಳ್ಳಿಹೋಗುತ್ತವೆ. ಇಂಗ್ಲಿಷ್‌ನಲ್ಲೇ ಬರೆಯಬೇಕು ಎಂದಿದ್ದರೆ ಮೊದಲು ಕನ್ನಡದಲ್ಲಿ ಮುಗಿಸಿ, ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ನೀವೇ ಬರೆಯಿರಿ. ಇಂಗ್ಲಿಷ್ ಉಪನ್ಯಾಸಕರಿಗೆ ತೋರಿಸುವಾಗ "ವ್ಯಾಕರಣ ಮಾತ್ರ ನೋಡಿ ಸಾರ್" ಎಂದು ಕೇಳಿ. ಅವರು ಭಾರಿ ಪದಗಳನ್ನು ಸೇರಿಸಿದರೆ ಸಂದರ್ಶನದಲ್ಲಿ ಆ ಪದದ ಅರ್ಥ ಹೇಳಬೇಕಾದವರು ನೀವು. ಕನ್ನಡದಲ್ಲಿ ವಿಭಕ್ತಿಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ವಿಷಯ ಇಂಗ್ಲಿಷ್‌ಗೆ ಹೋದಾಗ ಪದಗಳ ಸಂಖ್ಯೆ ಹೆಚ್ಚುತ್ತದೆ. 500ರ ಮಿತಿ ಇದ್ದರೆ ಕನ್ನಡ ಕರಡು 350ರ ಆಸುಪಾಸಿನಲ್ಲಿ ಇರಲಿ.

ಚೌಕಕ್ಕೆ ಅಂಟಿಸುವಾಗ

ಕನ್ನಡದಲ್ಲಿ ಸಲ್ಲಿಸುವವರು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ್ದನ್ನು ಅಂಟಿಸಿದರೆ ಚೌಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಅಂಥ ಕಡತವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಸಾಲು ಸಾಲಾಗಿ ನೋಡಿ.

ಮಿತಿ ಪದಗಳಲ್ಲಿ ಅಲ್ಲದೆ ಅಕ್ಷರಗಳಲ್ಲಿದ್ದರೆ ಇನ್ನೊಂದು ತೊಡಕಿದೆ. ಗಣಕ ಎಣಿಸುವುದು ನಮ್ಮ ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. "ಸ್ತ್ರೀ" ನಮಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ ಆರು: ಸ, ಸ್ವರ ತೆಗೆಯುವ ವಿರಾಮ ಚಿಹ್ನೆ, ತ, ವಿರಾಮ, ರ, ದೀರ್ಘ ಈಕಾರ. ಹಾಗಾಗಿ 2,000 ಅಕ್ಷರದ ಚೌಕ ಅಂದುಕೊಂಡದ್ದಕ್ಕಿಂತ ಬೇಗ ತುಂಬುತ್ತದೆ, ಕೆಲವು ಚೌಕಗಳು ಎಚ್ಚರಿಕೆ ಕೊಡದೆ ಬಾಲ ಕತ್ತರಿಸುತ್ತವೆ. ಅಂಟಿಸಿದ ಮೇಲೆ ಮೊದಲು ನೋಡಬೇಕಾದದ್ದು ಕೊನೆಯ ವಾಕ್ಯ. ಹಣದ ಭಾಗ ಕೊನೆಯಲ್ಲಿರುವುದರಿಂದ ಕತ್ತರಿ ಬೀಳುವುದು ಅದಕ್ಕೇ.

ಕೊನೆಯ ದಿನ ಸರ್ವರ್ ನಿಧಾನವಾಗುವುದು ಮಾಮೂಲು, ಎರಡು ದಿನ ಮುಂಚೆಯೇ ಸಲ್ಲಿಸಿ. ಸಲ್ಲಿಸಿದ ಪ್ರತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಸಂದರ್ಶನಕ್ಕೆ ಕರೆದರೆ ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ನಮ್ಮ ವಿದ್ಯಾರ್ಥಿನಿಯನ್ನು ಮೊದಲು ಕೇಳುವುದು "2/5, 3/8ಕ್ಕೆ ಈಗ ಏನು ಮಾಡುತ್ತೀರಮ್ಮ?" ಎಂದೇ ಇರಬಹುದು. ಎರಡನ್ನೂ ಸಮ ಛೇದಕ್ಕೆ ತಂದು 16/40, 15/40 ಮಾಡಿ ತೋರಿಸುವುದರ ಜೊತೆಗೆ, ಆರನೇ ತರಗತಿಯ ಮಗುವಿಗೆ ಆ 40 ಎಲ್ಲಿಂದ ಬಂತು ಎಂದು ಹೇಳುವುದನ್ನೂ ಅಭ್ಯಾಸ ಮಾಡಿಕೊಂಡು ಹೋಗಬೇಕು. ಕೋಣೆ ಬಾಡಿಗೆ, ಮೆಸ್ ಹಣದ ರಸೀದಿಗಳನ್ನು ಮೊದಲ ತಿಂಗಳಿಂದಲೇ ಕೂಡಿಡಲಿ, ಮರುವರ್ಷ ನವೀಕರಣಕ್ಕೆ ಅಂಕಪಟ್ಟಿಯ ಜೊತೆ ಅವನ್ನೂ ಕೇಳುವುದುಂಟು.